ಸೋರುತ್ತಿರುವ ಟ್ಯಾಂಕರ್: ಡ್ರೈವರ್ ಮಾಡುವ ಮೊದಲ ಫೋನಿನಲ್ಲಿ ಏನಿರಬೇಕು?

ಹೆದ್ದಾರಿಯಲ್ಲಿ ಕೆಮಿಕಲ್ ಟ್ಯಾಂಕರ್ ಸೋರಿದ ಸುದ್ದಿ ಬಂದಾಗಲೆಲ್ಲ ನಾವು ನೋಡುವುದು ಒಂದೇ ದೃಶ್ಯ. ಬಿಳಿ ಹೊಗೆ, ದೂರದಲ್ಲಿ ಅಗ್ನಿಶಾಮಕ ವಾಹನ, ಕಿಲೋಮೀಟರ್‌ಗಟ್ಟಲೆ ನಿಂತ ಗಾಡಿಗಳು. ಆದರೆ ಆ ದಿನ ಎಷ್ಟು ಜನ ಆಸ್ಪತ್ರೆ ಸೇರಬೇಕು ಅನ್ನುವುದು ಬಹುಪಾಲು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಸೋರಿಕೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಅಲ್ಲಿರುವುದು ಡ್ರೈವರ್ ಮತ್ತು ಕ್ಲೀನರ್ ಮಾತ್ರ. ಒಳಗೆ ಏನಿದೆ, ಎಷ್ಟು ವೇಗದಲ್ಲಿ ಹೊರಗೆ ಬರುತ್ತಿದೆ, ಸುತ್ತ ಯಾರಿಗೆ ಹೇಳಿಯಾಗಿದೆ: ಈ ಮೂರನ್ನು ಸರಿಯಾಗಿ ಹೇಳಬಲ್ಲವರೂ ಅವರೇ.

ಎಲ್ಲ ಟ್ಯಾಂಕರ್‌ಗಳೂ ಈ ಹತ್ತು ನಿಮಿಷ ಕೊಡುವುದಿಲ್ಲ. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಪಲ್ಟಿಯಾಗಿ, ಸೋರಿದ ಅನಿಲಕ್ಕೆ ಬೆಂಕಿ ಹತ್ತಿತು. ರಸ್ತೆಬದಿಯ ಮನೆಗಳಲ್ಲಿದ್ದವರೂ ಉಳಿಯಲಿಲ್ಲ. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಭಾಂಕರೋಟಾದಲ್ಲಿ ಲಾರಿ ಗುದ್ದಿ ಎಲ್‌ಪಿಜಿ ಟ್ಯಾಂಕರಿನ ನಳಿಕೆಗಳು ಮುರಿದವು. ಅನಿಲ ರಸ್ತೆ ತುಂಬ ಹರಡಿ ಹೊತ್ತಿಕೊಂಡಿತು. ಅಂಥ ಕಡೆ ವರದಿ ಮಾಡುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಆಸಿಡ್, ಕಾಸ್ಟಿಕ್, ಸಾಲ್ವೆಂಟ್‌ನಂಥ ದ್ರವಗಳ ವಿಷಯ ಬೇರೆ. ಅವು ಸಾಮಾನ್ಯವಾಗಿ ನಿಧಾನವಾಗಿ ಸೋರುತ್ತವೆ. ಅಲ್ಲಿ ಡ್ರೈವರ್ ಆಡುವ ಮಾತಿಗೆ ಬೆಲೆ ಇದೆ. ಅದಕ್ಕೇ ಇಲ್ಲಿ ಆಸಿಡ್ ಟ್ಯಾಂಕರನ್ನೇ ತೆಗೆದುಕೊಳ್ಳುತ್ತೇನೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ 48. ಮಳೆಗಾಲದ ಒಂದು ಬೆಳಗ್ಗೆ ಹೈಡ್ರೋಕ್ಲೋರಿಕ್ ಆಸಿಡ್ ತುಂಬಿದ ಟ್ಯಾಂಕರ್ ಶಿರಾ ದಾಟಿ ಹಿರಿಯೂರಿನ ಕಡೆ ಹೋಗುತ್ತಿದೆ. 10 ಗಂಟೆ 10 ನಿಮಿಷಕ್ಕೆ ಡ್ರೈವರ್‌ಗೆ ಕನ್ನಡಿಯಲ್ಲಿ ಹಿಂದೆ ಬಿಳಿ ಹೊಗೆ ಕಾಣುತ್ತದೆ. ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ ಇಳಿಯುತ್ತಾನೆ. ಹಿಂಬದಿಯಲ್ಲಿ ಕೆಳಗಿರುವ ಡಿಸ್ಚಾರ್ಜ್ ವಾಲ್ವ್ ಕೂಡುವ ಜಾಗದಿಂದ ಧಾರೆ ಬೀಳುತ್ತಿದೆ. ಆಗ ಹೆಚ್ಚಿನವರು ಮಾಡುವ ಫೋನ್ ಹೀಗಿರುತ್ತದೆ: "ಸಾರ್, ಗಾಡಿ ಲೀಕ್ ಆಗ್ತಿದೆ, ಆಸಿಡ್ ಗಾಡಿ ಸಾರ್, ಬೇಗ ಬನ್ನಿ."

ಇಷ್ಟರಿಂದ ಅಗ್ನಿಶಾಮಕ ಠಾಣೆಯವರಿಗೆ ಹೊರಡಬೇಕು ಅಂತ ಮಾತ್ರ ಗೊತ್ತಾಗುತ್ತದೆ. ಏನು ತುಂಬಿಕೊಂಡು ಹೊರಡಬೇಕು ಅನ್ನುವುದು ಗೊತ್ತಾಗುವುದಿಲ್ಲ.

ಮೊದಲು ಕಾಗದದ ವಿಷಯ ನೋಡೋಣ. "ಆಸಿಡ್" ಅಂದರೆ ಯಾವುದು? ಹೈಡ್ರೋಕ್ಲೋರಿಕ್ ಆಸಿಡ್ ಆದರೆ ಏಳುವ ಹೊಗೆಯನ್ನು ಹನಿಹನಿ ನೀರಿನ ಸಿಂಪಡಿಕೆಯಿಂದ ಕೆಳಗಿಳಿಸಬಹುದು. 98 ಪರ್ಸೆಂಟ್ ಸಲ್ಫ್ಯೂರಿಕ್ ಆಸಿಡ್ ಆದರೆ, ನಿಂತ ಆಸಿಡ್ ಮೇಲೆ ನೀರು ಬಿದ್ದ ಜಾಗದಲ್ಲೇ ಕೊತಕೊತ ಕುದಿದು ಸುತ್ತ ಎರಚುತ್ತದೆ. ಓಲಿಯಂ, ಅಂದರೆ ಹೊಗೆಯಾಡುವ ಸಲ್ಫ್ಯೂರಿಕ್ ಆಸಿಡ್ ಆದರೆ ಇನ್ನೂ ಜೋರು. ಒಂದೇ ನೀರಿನ ಪೈಪು ಒಂದು ಕಡೆ ಉಪಕಾರ, ಇನ್ನೊಂದು ಕಡೆ ಅಪಾಯ. ಹಾಗಾಗಿ ಪದಾರ್ಥದ ಪೂರ್ತಿ ಹೆಸರು ಮತ್ತು ಎಷ್ಟು ಪರ್ಸೆಂಟ್ ಅನ್ನುವುದು ಫೋನಿನ ಮೊದಲ ವಾಕ್ಯದಲ್ಲೇ ಬರಬೇಕು.

ಹೆಸರಿಗಿಂತಲೂ ಗಟ್ಟಿಯಾದದ್ದು ಯುಎನ್ ನಂಬರ್. ಇದು ನಾಲ್ಕು ಅಂಕಿಯ ಅಂತರರಾಷ್ಟ್ರೀಯ ಸಂಖ್ಯೆ. ಹೈಡ್ರೋಕ್ಲೋರಿಕ್ ಆಸಿಡ್‌ಗೆ 1789, ಸಲ್ಫ್ಯೂರಿಕ್ ಆಸಿಡ್‌ಗೆ 1830, ಓಲಿಯಂಗೆ 1831. ಡ್ರೈವರ್ ಹಿಂದಿಯವನಿರಬಹುದು, ಫೋನ್ ಎತ್ತಿದವರು ತುಮಕೂರಿನವರಿರಬಹುದು. ಹೆಸರು ಅದಲು ಬದಲಾದರೂ ನಾಲ್ಕು ಅಂಕಿ ಅದಲು ಬದಲಾಗುವುದಿಲ್ಲ. ಒಂದೊಂದೇ ಅಂಕಿ ಬಿಡಿಸಿ ಓದಿ ಹೇಳಿದರೆ ಸಾಕು.

ಈ ನಂಬರ್ ಟ್ಯಾಂಕಿನ ಮೇಲೇ ಬರೆದಿರುತ್ತದಲ್ವಾ ಅಂತ ಕೇಳಬಹುದು. ಬರೆದಿರಬೇಕು, ನಿಜ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 134ನೇ ನಿಯಮದ ಪ್ರಕಾರ ಟ್ಯಾಂಕಿನ ಎರಡೂ ಪಕ್ಕಕ್ಕೆ ಮತ್ತು ಹಿಂದಕ್ಕೆ ಕಾಣುವಂತೆ ತುರ್ತು ಮಾಹಿತಿ ಫಲಕ ಇರಬೇಕು. ಅದರಲ್ಲಿ ಪದಾರ್ಥದ ಹೆಸರು, ಯುಎನ್ ನಂಬರ್, ಅಪಾಯದ ಗುರುತು, ಮಾಲು ಕಳಿಸಿದವರ ಫೋನ್ ನಂಬರ್ ಎಲ್ಲವೂ ಇರಬೇಕು. ಆದರೆ ಫಲಕ ಬಣ್ಣದಲ್ಲಿ ಬರೆದದ್ದು, ಮಾಲು ಬದಲಾಗುವಂಥದ್ದು. ಹೋದ ಟ್ರಿಪ್ಪಿನಲ್ಲಿ ಇದ್ದದ್ದೇ ಈ ಟ್ರಿಪ್ಪಿನಲ್ಲೂ ಇದೆ ಅಂತ ಫಲಕ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಡ್ರೈವರ್ ಕ್ಯಾಬಿನ್‌ನಲ್ಲಿರುವ ಫೈಲು ತೆಗೆದು, ಇವತ್ತಿನ ತಾರೀಕಿನ ಇನ್‌ವಾಯ್ಸ್ ಮತ್ತು ಟ್ರೆಮ್ ಕಾರ್ಡ್ ನೋಡಿ ಹೇಳಬೇಕು. ಟ್ರೆಮ್ ಕಾರ್ಡ್ ಅಂದರೆ ಆ ಪದಾರ್ಥದ ಅಪಾಯ, ಸೋರಿದರೆ ಮಾಡಬೇಕಾದ್ದು, ಪ್ರಥಮ ಚಿಕಿತ್ಸೆ ಇವನ್ನೆಲ್ಲ ಬರೆದ ಹಾಳೆ. ಅದನ್ನು ಯಾವಾಗಲೂ ಕ್ಯಾಬಿನ್‌ನಲ್ಲಿ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು ಅಂತ 133ನೇ ನಿಯಮ ಹೇಳುತ್ತದೆ. ಫಲಕದಲ್ಲಿ ಒಂದು, ಕಾಗದದಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಹೇಳಬೇಕು. "ಟ್ಯಾಂಕಿನ ಮೇಲೆ 1830 ಅಂತಿದೆ, ಬಿಲ್ಲಿನಲ್ಲಿ 1789 ಅಂತಿದೆ" ಅನ್ನುವ ಒಂದು ಮಾತಿನಿಂದ ಬರುವವರು ಎಚ್ಚರವಾಗುತ್ತಾರೆ.

ಫೈಲಿನಲ್ಲಿ ಇನ್ನೊಂದು ಕಾಗದ ಇರುತ್ತದೆ, ಇಂಥ ಹೊತ್ತಿನಲ್ಲಿ ಯಾರೂ ಅದನ್ನು ನೋಡುವುದಿಲ್ಲ: ತೂಕದ ಚೀಟಿ. ವೇಬ್ರಿಡ್ಜ್‌ನಲ್ಲಿ ಖಾಲಿ ಗಾಡಿ ತೂಕ ಕಳೆದು ಉಳಿದದ್ದು ಮಾಲಿನ ತೂಕ. ನಮ್ಮ ಉದಾಹರಣೆಯಲ್ಲಿ ಅದು 20,880 ಕೆಜಿ ಅಂತ ಇಟ್ಟುಕೊಳ್ಳಿ. 33 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಲೀಟರ್‌ಗೆ ಸುಮಾರು 1.16 ಕೆಜಿ ತೂಗುತ್ತದೆ. ಅಲ್ಲಿಗೆ 18,000 ಲೀಟರ್. ಅದೇ ತೂಕದ ಸಲ್ಫ್ಯೂರಿಕ್ ಆಸಿಡ್ ಆಗಿದ್ದರೆ 11,000 ಲೀಟರ್‌ಗೆ ಸ್ವಲ್ಪ ಹೆಚ್ಚು ಅಷ್ಟೇ, ಏಕೆಂದರೆ ಅದು ಲೀಟರ್‌ಗೆ 1.84 ಕೆಜಿ. ಡ್ರೈವರ್ ಈ ಲೆಕ್ಕ ಹಾಕಬೇಕಿಲ್ಲ. ಚೀಟಿಯಲ್ಲಿ ಇರುವ ಕೆಜಿಯನ್ನು ಕೆಜಿ ಅಂತಲೇ ಓದಿ ಹೇಳಬೇಕು. "ಇಪ್ಪತ್ತು ಸಾವಿರ ಇದೆ" ಅಂದರೆ ಕೇಳಿದವರು ಲೀಟರ್ ಅಂದುಕೊಳ್ಳುತ್ತಾರೆ.

ಇನ್ನು ಸೋರಿಕೆಯ ವೇಗ. ನನ್ನ ಪ್ರಕಾರ ವರದಿಯಲ್ಲಿ ಅತಿ ಹೆಚ್ಚು ಕೆಡುವ ಭಾಗ ಇದು. "ಜಾಸ್ತಿ ಸೋರ್ತಿದೆ", "ಸ್ವಲ್ಪ ಸೋರ್ತಿದೆ" ಅನ್ನುವ ಮಾತಿನಲ್ಲಿ ಅಳತೆ ಇಲ್ಲ. ಹೆದರಿದವನಿಗೆ ತೊಟ್ಟಿಕ್ಕುವುದೂ ಜಾಸ್ತಿಯೇ. ಧೈರ್ಯಸ್ಥನಿಗೆ ಬೆರಳು ಗಾತ್ರದ ಧಾರೆಯೂ ಸ್ವಲ್ಪವೇ. ಆಸಿಡ್ ಕೆಳಗೆ ಬಕೆಟ್ ಹಿಡಿದು ಅಳೆಯಲು ಆಗುವುದಿಲ್ಲ, ಆ ಪ್ರಯತ್ನವನ್ನೂ ಮಾಡಬಾರದು. ಗಾಳಿ ಬರುವ ಕಡೆ ದೂರದಲ್ಲಿ ನಿಂತು ಕಣ್ಣಲ್ಲಿ ಅಳೆಯಬೇಕು.

ಕಣ್ಣಿಗೆ ಸಿಗುವ ಅಳತೆ ಧಾರೆಯ ದಪ್ಪ. ತೂತಿನ ಮೇಲೆ ಒಂದೂವರೆ ಮೀಟರ್ ಎತ್ತರ ದ್ರವ ನಿಂತಿದೆ ಅಂತ ಹಿಡಿದರೆ, 10 ಮಿಲಿಮೀಟರ್ ಅಗಲದ ತೂತಿನಿಂದ ನಿಮಿಷಕ್ಕೆ ಸುಮಾರು 15 ಲೀಟರ್ ಹೊರಗೆ ಬರುತ್ತದೆ. ಧಾರೆ ನೋಡಲು ಪೆನ್ಸಿಲ್ ದಪ್ಪ ಇರುತ್ತದೆ. ಮನೆಯ ನಲ್ಲಿ ಪೂರ್ತಿ ತಿರುಗಿಸಿದರೆ ಒಂದು ನಿಮಿಷಕ್ಕೆ ಬಕೆಟ್ ತುಂಬುತ್ತದಲ್ಲ, ಹೆಚ್ಚು ಕಡಿಮೆ ಅಷ್ಟು. ಈ ವೇಗದಲ್ಲಿ 18,000 ಲೀಟರ್ ಖಾಲಿಯಾಗಲು 20 ಗಂಟೆಗೂ ಜಾಸ್ತಿ ಬೇಕು. ತೂತು ಎರಡರಷ್ಟು ಅಗಲವಾದರೆ ಸೋರಿಕೆ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. ಧಾರೆ ಕಿರುಬೆರಳ ದಪ್ಪ ಇದ್ದರೆ ನಿಮಿಷಕ್ಕೆ 60 ಲೀಟರ್ ಹೋಗುತ್ತಿದೆ ಅಂತ ಅರ್ಥ. ಮೂರು ಇಂಚಿನ ವಾಲ್ವೇ ಮುರಿದು ಬಿದ್ದಿದ್ದರೆ ಮೊದಲ ನಿಮಿಷದಲ್ಲೇ 800 ಲೀಟರ್ ದಾಟುತ್ತದೆ, ಮುಕ್ಕಾಲು ಗಂಟೆಯೊಳಗೆ ಟ್ಯಾಂಕ್ ಬರಿದು. ಪೆನ್ಸಿಲ್, ಕಿರುಬೆರಳು, ಪೈಪು: ಈ ಮೂರರಲ್ಲಿ ಯಾವುದು ಅಂತ ಡ್ರೈವರ್ ಹೇಳಿದರೆ ಸಾಕು, ಬರುವವರು ಲೆಕ್ಕ ಹಾಕಿಕೊಳ್ಳುತ್ತಾರೆ.

ಧಾರೆ ಸರಿಯಾಗಿ ಕಾಣದಿದ್ದರೆ ಕೆಳಗೆ ನಿಂತ ಮಡುವನ್ನು ನೋಡಬಹುದು. ಸಮತಟ್ಟಾದ ಟಾರಿನ ಮೇಲೆ ಐದು ಮೀಟರ್ ಉದ್ದ, ಮೂರು ಮೀಟರ್ ಅಗಲ, ಒಂದು ಸೆಂಟಿಮೀಟರ್ ಆಳ ನಿಂತರೆ ಅದು 150 ಲೀಟರ್. ಹತ್ತು ನಿಮಿಷದ ಪೆನ್ಸಿಲ್ ಧಾರೆಗೆ ಇದು ಸರಿಹೊಂದುತ್ತದೆ. ಇಳಿಜಾರಿನಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ದ್ರವ ನಿಲ್ಲದೆ ಚರಂಡಿಗೆ ಹೋಗಿರುತ್ತದೆ, ನೆಲದ ಮೇಲೆ ತೆಳ್ಳಗೆ ಕಂಡು ಮೋಸ ಮಾಡುತ್ತದೆ. ಆಗ ಎಷ್ಟು ನಿಂತಿದೆ ಅನ್ನುವುದಕ್ಕಿಂತ ಯಾವ ಕಡೆ ಹರಿಯುತ್ತಿದೆ ಅನ್ನುವುದೇ ಹೇಳಬೇಕಾದ ಮಾತು. ಮುಂದೆ ಮೋರಿ ಇದೆಯಾ, ಮೋರಿ ನೀರು ಕೆರೆಗೆ ಸೇರುತ್ತಾ?

ಈ ಅಳತೆ ಸುಮ್ನೆ ಲೆಕ್ಕಕ್ಕಲ್ಲ. ಸೋರಿದ ಆಸಿಡ್‌ನ ಶಕ್ತಿ ಅಡಗಿಸಲು ಸುಣ್ಣದ ಪುಡಿ ಬೇಕು. 33 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಅದರ ತೂಕದ ಮೂರನೇ ಒಂದು ಭಾಗದಷ್ಟು ಅರಳಿದ ಸುಣ್ಣ ಲೆಕ್ಕಕ್ಕೆ ಬರುತ್ತದೆ, ಸ್ಥಳದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. 150 ಲೀಟರ್‌ಗೆ ಸುಮಾರು 60 ಕೆಜಿ, ಅಂದರೆ ಎರಡು ಮೂರು ಚೀಲ. ಕಿರುಬೆರಳ ಧಾರೆ ಒಂದು ಗಂಟೆ ಸೋರಿದ್ದರೆ 3,600 ಲೀಟರ್, ಅದಕ್ಕೆ ಸುಮಾರು 1,400 ಕೆಜಿ ಸುಣ್ಣ. ಮೊದಲನೆಯದನ್ನು ಜೀಪಿನಲ್ಲಿ ಹಾಕಿಕೊಂಡು ಬರಬಹುದು. ಎರಡನೆಯದಕ್ಕೆ ಲಾರಿ ಹೇಳಬೇಕು. ಆ ಲಾರಿಯನ್ನು ಈಗಲೇ ಹೇಳಬೇಕೋ ಬೇಡವೋ ಅನ್ನುವುದು ಡ್ರೈವರ್ ಫೋನಿನಲ್ಲಿ ಹೇಳುವ ದಪ್ಪದ ಮೇಲೆ ನಿಂತಿದೆ.

ವೇಗ ಹೇಳುವಾಗ ಗಂಟೆಯನ್ನೂ ಸೇರಿಸಿ ಹೇಳಬೇಕು. ಹೈಡ್ರೋಕ್ಲೋರಿಕ್ ಆಸಿಡ್ ಸಾಗಿಸುವ ಕಬ್ಬಿಣದ ಟ್ಯಾಂಕಿನ ಒಳಗೆ ರಬ್ಬರ್ ಹೊದಿಕೆ ಇರುತ್ತದೆ. ಅದು ಒಂದು ಕಡೆ ಹರಿದರೆ ಆಸಿಡ್ ನೇರ ಕಬ್ಬಿಣವನ್ನು ತಿನ್ನಲು ಶುರು ಮಾಡುತ್ತದೆ. 10.15ಕ್ಕೆ ಪೆನ್ಸಿಲ್ ದಪ್ಪ ಇದ್ದದ್ದು 10.40ಕ್ಕೆ ಹಾಗೇ ಇರಬೇಕಂತಿಲ್ಲ. ಕಬ್ಬಿಣ ಮತ್ತು ಆಸಿಡ್ ಸೇರಿದಾಗ ಹೈಡ್ರೋಜನ್ ಕೂಡ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಹಾಗಾಗಿ ಸೋರಿಕೆ ವಾಲ್ವ್ ಕೂಡುವ ಜಾಗದಿಂದಲೋ, ಟ್ಯಾಂಕಿನ ಮೈಯಿಂದಲೋ ಅನ್ನುವುದನ್ನು ಬಿಡಿಸಿ ಹೇಳಬೇಕು. ವಾಲ್ವ್ ಕಡೆಯದಾದರೆ ಸರಿಯಾದ ಸೂಟು ಹಾಕಿದವರು ಬಂದು ಬೋಲ್ಟ್ ಬಿಗಿಮಾಡಿ ನಿಲ್ಲಿಸುವ ಸಾಧ್ಯತೆ ಇದೆ. ಮೈಯಲ್ಲೇ ತೂತು ಬಿದ್ದಿದ್ದರೆ ಇನ್ನೊಂದು ಖಾಲಿ ಟ್ಯಾಂಕರ್ ತರಿಸಿ ಮಾಲು ವರ್ಗಾಯಿಸುವ ಏರ್ಪಾಡು ಮೊದಲೇ ಆಗಬೇಕು. ಡ್ರೈವರ್ ತಾನೇ ಸ್ಪ್ಯಾನರ್ ಹಿಡಿದು ಹೋಗುವುದು ಮಾತ್ರ ಬೇಡ. ಬರಿಗೈಯಲ್ಲಿ ಹೋದವನು ಮುಂದಿನ ನಿಮಿಷ ವರದಿ ಕೊಡಲು ಇರುವುದಿಲ್ಲ.

ಮೂರನೆಯದು ದಾರಿಹೋಕರಿಗೆ ಹೇಳುವ ಎಚ್ಚರಿಕೆ. ಇಲ್ಲಿ ಗಾಳಿಯೇ ಮುಖ್ಯ. ನಮ್ಮ ಟ್ಯಾಂಕರ್ ಶಿರಾದಿಂದ ಹಿರಿಯೂರಿಗೆ, ಅಂದರೆ ವಾಯವ್ಯಕ್ಕೆ ಹೋಗುತ್ತಿತ್ತು. ಮಳೆಗಾಲದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಅಲ್ಲಿಗೆ ಹೊಗೆ ಡಿವೈಡರ್ ದಾಟಿ ಬೆಂಗಳೂರಿನ ಕಡೆ ಬರುವ ರಸ್ತೆಯ ಮೇಲೆ ಹೋಗುತ್ತದೆ. ಡ್ರೈವರ್ ತನ್ನ ಹಿಂದೆ ಬರುವ ಗಾಡಿಗಳನ್ನಷ್ಟೇ ನಿಲ್ಲಿಸಿದರೆ, ಹೊಗೆ ಕುಡಿಯುವವರು ಎದುರು ರಸ್ತೆಯವರು. ಅದರಲ್ಲೂ ಬೈಕಿನವರು. ಕಾರಿನವರಿಗೆ ಗ್ಲಾಸಾದರೂ ಇದೆ. ಹೈಡ್ರೋಜನ್ ಕ್ಲೋರೈಡ್ ಅನಿಲ ಗಾಳಿಗಿಂತ ಭಾರ. ತಗ್ಗಿಗೆ, ಅಂಡರ್‌ಪಾಸಿಗೆ, ಚರಂಡಿ ಪಕ್ಕಕ್ಕೆ ಇಳಿದು ಕೂರುತ್ತದೆ. ಮಳೆಗೆ ಅಂತ ಅಂಡರ್‌ಪಾಸಿನಲ್ಲಿ ನಿಂತ ಬೈಕ್ ಸವಾರರನ್ನು ಮೊದಲು ಹೊರಡಿಸಬೇಕು.

ದ್ರವ ಆಸಿಡ್ ಸೋರಿದಾಗ ಶುರುವಿಗೆ ಸುತ್ತ ಕನಿಷ್ಠ 50 ಮೀಟರ್ ಜಾಗ ಖಾಲಿ ಮಾಡಿಸಬೇಕು ಅಂತ ಉತ್ತರ ಅಮೆರಿಕದ ತುರ್ತು ಕೈಪಿಡಿ ಹೇಳುತ್ತದೆ. ಹೊಗೆ ಹೋಗುವ ದಿಕ್ಕಿನಲ್ಲಿ ಇದಕ್ಕಿಂತ ಹೆಚ್ಚು ಬೇಕು. ಇಬ್ಬರೇ ಇರುವುದರಿಂದ ಕೆಲಸ ಹಂಚಿಕೊಳ್ಳಬೇಕಾಗುತ್ತದೆ. ಕ್ಲೀನರ್ ಹಿಂದಕ್ಕೆ ಓಡಿ ಬರುವ ಗಾಡಿ ನಿಲ್ಲಿಸುತ್ತಾನೆ. ಡ್ರೈವರ್ ಗಾಳಿ ಬರುವ ಬದಿಯಲ್ಲಿ ನಿಂತು ಫೋನ್ ಮಾಡುತ್ತಾನೆ. ಎದುರು ರಸ್ತೆಯಲ್ಲಿ ನಿಲ್ಲಿಸಿದ ಮೊದಲ ಲಾರಿಯವನನ್ನೇ ಅಡ್ಡ ಹಾಕಿಸಿದರೆ ಅವನ ಹಿಂದಿನವರೆಲ್ಲ ತಾನಾಗಿ ನಿಲ್ಲುತ್ತಾರೆ. ಕೂಗಿ ಹೇಳುವ ಮಾತು ಚಿಕ್ಕದಿರಬೇಕು: "ಆಸಿಡ್ ಹೊಗೆ, ಮುಂದೆ ಬರಬೇಡಿ, ವಾಪಸ್ ಹೋಗಿ." ಬರೀ "ಹುಷಾರು" ಅಂದರೆ ಜನ ಹತ್ತಿರ ಬಂದು ಏನಾಯಿತು ಅಂತ ನೋಡುತ್ತಾರೆ, ಮೊಬೈಲ್ ತೆಗೆಯುತ್ತಾರೆ.

ಯಾರಿಗೆ ಹೇಳಿದೆ ಅನ್ನುವುದನ್ನೂ ವರದಿಯಲ್ಲಿ ಸೇರಿಸಬೇಕು. ಈ ಭಾಗವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಆದರೆ ಬರುವ ಪೊಲೀಸರು ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದು ಇದರಿಂದಲೇ ಗೊತ್ತಾಗುವುದು. ಹೇಳಿಯಾಗಿರುವ ಢಾಬಾಕ್ಕೆ ಮತ್ತೆ ಹೋಗುವ ಬದಲು, ಹೇಳದೇ ಉಳಿದ ಹಟ್ಟಿಗೆ ನೇರ ಹೋಗಬಹುದು.

ಎಲ್ಲ ಸೇರಿಸಿದರೆ ಆ ಫೋನ್ ಹೀಗಿರುತ್ತದೆ: "ಸಾರ್, ನಾನು ಟ್ಯಾಂಕರ್ ಡ್ರೈವರ್. ಶಿರಾ ದಾಟಿ ಹಿರಿಯೂರು ಕಡೆ, ಇಂಥ ಕಿಲೋಮೀಟರ್ ಕಲ್ಲಿನ ಹತ್ತಿರ ಎಡಗಡೆ ನಿಂತಿದ್ದೀನಿ. ಹೈಡ್ರೋಕ್ಲೋರಿಕ್ ಆಸಿಡ್, 33 ಪರ್ಸೆಂಟ್, ಯುಎನ್ ನಂಬರ್ ಒಂದು ಏಳು ಎಂಟು ಒಂಬತ್ತು. ಇವತ್ತಿನ ಬಿಲ್ಲು ನೋಡಿ ಹೇಳ್ತಿದ್ದೀನಿ. ತೂಕ 20,880 ಕೆಜಿ. ಹಿಂದಿನ ವಾಲ್ವ್ ಹತ್ತಿರ ಸೋರ್ತಿದೆ, ಪೆನ್ಸಿಲ್ ದಪ್ಪ. ಹತ್ತು ಹತ್ತಕ್ಕೆ ನೋಡಿದ್ದು, ಈಗ ಹತ್ತು ಹದಿನೆಂಟು, ದಪ್ಪ ಅಷ್ಟೇ ಇದೆ. ಎಡಗಡೆ ಚರಂಡಿಗೆ ಹರೀತಿದೆ. ಹೊಗೆ ಬಲಗಡೆ ರಸ್ತೆ ಮೇಲೆ ಹೋಗ್ತಿದೆ. ಎರಡೂ ಕಡೆ ಗಾಡಿ ನಿಲ್ಲಿಸಿದೀವಿ. ಬಲಗಡೆ ಢಾಬಾದವರಿಗೆ ಹೇಳಿದೆ, ಹೊರಟರು. ಅದರ ಹಿಂದೆ ನಾಲ್ಕೈದು ಮನೆ ಇದೆ, ಅವರಿಗೆ ಹೇಳಕ್ಕಾಗಿಲ್ಲ."

ಒಂದು ನಿಮಿಷದ ಮಾತು. 112ಕ್ಕೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂವರಿಗೂ ತಲುಪುತ್ತದೆ. ಹೆದ್ದಾರಿ ಸಹಾಯವಾಣಿ 1033ಕ್ಕೂ ಹೇಳಿದರೆ ಟೋಲ್ ಕಡೆಯಿಂದಲೇ ಗಾಡಿ ತಡೆಯಲು ಅನುಕೂಲ. ಹತ್ತಿರದ ಪೊಲೀಸ್ ಠಾಣೆಗೆ ಕೂಡಲೇ ತಿಳಿಸಿ, ಮಾಲೀಕರಿಗೂ ಹೇಳಬೇಕು ಅಂತ 136ನೇ ನಿಯಮವೇ ಇದೆ. ಕ್ರಮ ಮಾತ್ರ ಹಿಂದುಮುಂದಾಗಬಾರದು. ಮಾಲೀಕರಿಗೆ ಮೊದಲು ಫೋನ್ ಮಾಡಿ, "ಸ್ವಲ್ಪ ಮುಂದೆ ತಗೊಂಡು ಹೋಗಿ ನೋಡು" ಅನ್ನಿಸಿಕೊಂಡು ಗಾಡಿ ಓಡಿಸಿದರೆ, ಕಿಲೋಮೀಟರ್ ಉದ್ದ ಆಸಿಡ್ ಬಳಿದ ರಸ್ತೆಯಲ್ಲಿ ಬೈಕಿನವರು ಜಾರುತ್ತಾರೆ.

ಹಾಗಾದರೆ ಡ್ರೈವರ್‌ಗಳು ಯಾಕೆ ಓಡಿಹೋಗುತ್ತಾರೆ? ಜನ ಹೊಡೆಯುತ್ತಾರೆ ಅನ್ನುವ ಭಯ ನಿಜವಾದದ್ದು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ನೇ ಅದನ್ನು ಒಪ್ಪಿಕೊಂಡಿದೆ. ಜನರ ಆಕ್ರೋಶದಿಂದ ಸ್ಥಳದಲ್ಲಿ ನಿಲ್ಲಲು ಆಗದಿದ್ದರೆ ಗಾಯಾಳುಗಳಿಗೆ ನೆರವಾಗುವ ಹೊಣೆಗೆ ಅದು ವಿನಾಯಿತಿ ಕೊಡುತ್ತದೆ. ಆದರೆ ಪೊಲೀಸರಿಗೆ ತಿಳಿಸುವ ಹೊಣೆ ಹಾಗೇ ಉಳಿಯುತ್ತದೆ. ಓಡುವುದೇ ಆದರೂ ಫೈಲು ಕೈಯಲ್ಲಿ ಹಿಡಿದು, ದೂರ ಹೋಗಿ ಫೋನ್ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆಯಿತು. ಫೈಲು ಕ್ಯಾಬಿನ್‌ನಲ್ಲೇ ಉಳಿದರೆ ಹೊಗೆ ನಡುವೆ ಹೋಗಿ ಅದನ್ನು ತರಬೇಕಾದವರು ಅಗ್ನಿಶಾಮಕದವರು.

ತಪ್ಪನ್ನೆಲ್ಲ ಡ್ರೈವರ್ ತಲೆಗೆ ಕಟ್ಟುವುದು ಅನ್ಯಾಯ. ಅಪಾಯಕಾರಿ ಮಾಲು ಸಾಗಿಸುವವರಿಗೆ 9ನೇ ನಿಯಮದ ಪ್ರಕಾರ ಮೂರು ದಿನದ ತರಬೇತಿ ಆಗಬೇಕು, ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಓದಲು ಬರೆಯಲು ಬರಬೇಕು. ಮಾಲು ಕಳಿಸುವ ಕಾರ್ಖಾನೆ ಪೂರ್ತಿ ಮಾಹಿತಿಯನ್ನು ಬರವಣಿಗೆಯಲ್ಲಿ ಕೊಡಬೇಕು. ಗಾಡಿಯಲ್ಲಿ ಸುರಕ್ಷತಾ ಸಾಮಾನು ಇದೆಯಾ ಅಂತ ನೋಡಿಯೇ ಲೋಡ್ ಮಾಡಬೇಕು. ಟ್ರೆಮ್ ಕಾರ್ಡನ್ನು ಬಿಲ್ಲಿನ ಜೊತೆ ಪಿನ್ ಹೊಡೆದು ಕೊಟ್ಟರೆ ಆ ಹೊಣೆ ಮುಗಿಯುವುದಿಲ್ಲ. ಲೋಡಿಂಗ್ ಗೇಟಿನಲ್ಲಿ ಡ್ರೈವರ್ ಕೈಲಿ ಯುಎನ್ ನಂಬರ್ ಒಮ್ಮೆ ಗಟ್ಟಿಯಾಗಿ ಓದಿಸಿ, ಫಲಕದಲ್ಲೂ ಅದೇ ಇದೆಯಾ ಅಂತ ಅವನ ಜೊತೆ ನಿಂತು ನೋಡಲು ಎರಡು ನಿಮಿಷ ಸಾಕು.

ಸೋರಿಕೆ ನಿಂತ ಮೇಲೂ ಡ್ರೈವರ್ ವರದಿಯ ಕೆಲಸ ಮುಗಿಯುವುದಿಲ್ಲ. ಆಸಿಡ್ ಹೊಗೆ ಕುಡಿದವರಿಗೆ ಆ ಕ್ಷಣ ಬರೀ ಕೆಮ್ಮು ಬಂದು, ಗಂಟೆಗಳ ನಂತರ ಉಸಿರಾಟದ ತೊಂದರೆ ಹೆಚ್ಚಾಗಬಹುದು. ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಯಾವ ಹೊಗೆ ಅಂತ. ಇನ್ನು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆಯಡಿ ಇಂಥ ಅಪಘಾತದಲ್ಲಿ ಗಾಯಗೊಂಡವರು ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಜಿಲ್ಲಾಧಿಕಾರಿಗೆ ಪರಿಹಾರಕ್ಕೆ ಅರ್ಜಿ ಹಾಕಬಹುದು, ಅದಕ್ಕೆ ಐದು ವರ್ಷ ಕಾಲಾವಕಾಶ ಇದೆ. ನಿಲ್ಲಿಸುವ ಮುಂಚೆ ಹೊಗೆಯೊಳಗೆ ನುಗ್ಗಿ ಹೋದ ಬೈಕು, ಆಟೋಗಳ ನಂಬರ್ ಒಂದೆರಡಾದರೂ ಕ್ಲೀನರ್ ಬರೆದಿಟ್ಟುಕೊಂಡಿದ್ದರೆ, ಪೊಲೀಸರು ಆ ಸವಾರರನ್ನು ಅದೇ ದಿನ ಹುಡುಕಿ ಆಸ್ಪತ್ರೆಗೆ ಕಳಿಸಬಹುದು.